24 ಫ್ರೇಮ್ ವಿಡಿಯೊ 25ಕ್ಕೆ ತಂದಾಗ ಬಂದ ಜರ್ಕ್

ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದ ಹತ್ತು ನಿಮಿಷದ ವಿಡಿಯೊವನ್ನು 25ರ ಟೈಮ್‌ಲೈನ್‌ಗೆ ಹಾಕಿದ್ದೆ. ಮಾತಾಡುವ ಶಾಟ್‌ಗಳಲ್ಲಿ ಏನೂ ಗೊತ್ತಾಗಲಿಲ್ಲ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ಶಾಟ್‌ನಲ್ಲಿ ಮಾತ್ರ ಸೆಕೆಂಡಿಗೊಮ್ಮೆ ಸಣ್ಣ ಜರ್ಕ್. ಎಕ್ಸ್‌ಪೋರ್ಟ್ ಸರಿಯಾಗಿಲ್ಲ ಅಂತ ಸುಮ್ನೆ ಎರಡು ಸಲ ಮತ್ತೆ ಮಾಡಿದೆ.

ಆಮೇಲೆ ಒಂದೊಂದೇ ಫ್ರೇಮ್ ಮುಂದಕ್ಕೆ ಒತ್ತುತ್ತಾ ಹೋದೆ. ಪ್ರತಿ 25 ಫ್ರೇಮ್‌ಗೆ ಒಂದು ಚಿತ್ರ ಎರಡು ಸಲ ಬರುತ್ತಿತ್ತು. ಸೆಕೆಂಡಿಗೆ ಒಂದು ಫ್ರೇಮ್ ಕಡಿಮೆ ಇದೆ, ಅದನ್ನು ಸಾಫ್ಟ್‌ವೇರ್ ನಕಲು ಮಾಡಿ ತುಂಬುತ್ತಿತ್ತು, ಅಷ್ಟೇ. ಬ್ಲೆಂಡಿಂಗ್ ಹಾಕಿದರೆ ಜರ್ಕ್ ಬದಲು ಮಸುಕು ನೆರಳು ಬಂತು. ಅದು ನನಗೆ ಇನ್ನೂ ಜಾಸ್ತಿ ಕಿರಿಕಿರಿ.

ಹೊಸ ಫ್ರೇಮ್ ಸೇರಿಸದೆ, ಇರುವ ಫ್ರೇಮ್‌ಗಳನ್ನೇ ಸ್ವಲ್ಪ ಬೇಗ ಓಡಿಸಿದೆ:

```
ffmpeg -i in.mp4 -vf "setpts=PTS*24/25,fps=25" -af "atempo=1.0416667" out.mp4
```

ವೇಗ ಸುಮಾರು 4% ಹೆಚ್ಚಾಗುತ್ತದೆ. ಹತ್ತು ನಿಮಿಷದ್ದು 9 ನಿಮಿಷ 36 ಸೆಕೆಂಡ್ ಆಯಿತು. `atempo` ಇರುವುದರಿಂದ ದನಿ ಕೀರಲಾಗುವುದಿಲ್ಲ. ಸಬ್‌ಟೈಟಲ್ ಫೈಲ್ ಬೇರೆ ಇದ್ದರೆ ಅದರ ಸಮಯವನ್ನೂ ಇದೇ ಲೆಕ್ಕದಲ್ಲಿ ಕುಗ್ಗಿಸಬೇಕು, ನಾನು ಮೊದಲು ಮರೆತಿದ್ದೆ.

60ರಿಂದ 30ಕ್ಕೆ ಈ ತಲೆನೋವಿಲ್ಲ. ಒಂದು ಬಿಟ್ಟು ಒಂದು ಫ್ರೇಮ್ ತೆಗೆದರೆ ಸಾಕು. ಆದರೆ ಫೈಲ್ ನಿಜವಾಗಿ 59.94 ಆಗಿದ್ದರೆ 29.97ಕ್ಕೇ ಇಳಿಸಿ.