ಅಡಿಕೆ ಚೆಕ್ಕುಗಳಿಗೆ ಲಾಕ್‌ಬಾಕ್ಸ್: ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ

ಶಿರಸಿಯಿಂದ ಹೊರರಾಜ್ಯಗಳಿಗೆ ಅಡಿಕೆ ಕಳುಹಿಸುವ ಸ್ನೇಹಿತರೇ, ಖರೀದಿದಾರರ ಊರಿನಲ್ಲೇ ಬ್ಯಾಂಕು ನಿಮ್ಮ ಪರವಾಗಿ ಚೆಕ್ ಪಡೆದು ಜಮಾ ಮಾಡುವ ಲಾಕ್‌ಬಾಕ್ಸ್ ಮಾದರಿಯ ಸೇವೆಗೆ ಸಹಿ ಹಾಕುವ ಮೊದಲು ಈ ಲೆಕ್ಕ ನೋಡಿ.

ದಿನದ ಸರಾಸರಿ ವಸೂಲಿ 2 ಲಕ್ಷ ರೂಪಾಯಿ ಎಂದುಕೊಳ್ಳೋಣ. ಕೊರಿಯರ್, ನಮ್ಮ ಮೇಜು, ಕ್ಲಿಯರಿಂಗ್ ಸೇರಿ ಹಣ ಕೈಸೇರಲು 6 ದಿನ. ಹೊಸ ಸೇವೆಯಲ್ಲಿ 2 ದಿನ. ಉಳಿದ 4 ದಿನಗಳಿಂದ 8 ಲಕ್ಷ ರೂಪಾಯಿ ಬಿಡುಗಡೆಯಾಗುತ್ತದೆ. ಓವರ್‌ಡ್ರಾಫ್ಟ್ ಬಡ್ಡಿ ಶೇ 10 ಇದ್ದರೆ ವರ್ಷಕ್ಕೆ 80,000 ಉಳಿತಾಯ.

ಶುಲ್ಕ ತಿಂಗಳಿಗೆ 2,000, ಜೊತೆಗೆ ಚೆಕ್ಕಿಗೆ 50 ಎಂದಾದರೆ, ವರ್ಷದ 1,200 ಚೆಕ್ಕುಗಳಿಗೆ ಒಟ್ಟು 84,000. ಅಂದರೆ 4,000 ನಷ್ಟ!

ಹಾಗೆಂದು ಸೇವೆಯನ್ನೇ ತಳ್ಳಿಹಾಕಬೇಡಿ. ತೊಂದರೆ ಇರುವುದು ಸಣ್ಣ ಚೆಕ್ಕುಗಳಲ್ಲಿ. 4 ದಿನದ ಬಡ್ಡಿ 50 ರೂಪಾಯಿ ಆಗಬೇಕಾದರೆ ಚೆಕ್ಕಿನ ಮೊತ್ತ ಸುಮಾರು 45,600 ಇರಬೇಕು. ಅದಕ್ಕಿಂತ ಕಡಿಮೆಯದನ್ನು ಹಳೆಯ ದಾರಿಯಲ್ಲೇ ತರಿಸಿ. 400 ದೊಡ್ಡ ಚೆಕ್ಕುಗಳಲ್ಲೇ ಮುಕ್ಕಾಲು ಪಾಲು ಹಣ ಬರುತ್ತಿದ್ದರೆ ಉಳಿತಾಯ 60,000, ಶುಲ್ಕ 44,000. ವರ್ಷಕ್ಕೆ 16,000 ಲಾಭ. (ಜಿಎಸ್‌ಟಿ ಸೇರಿಸಿಲ್ಲ.)

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಓವರ್‌ಡ್ರಾಫ್ಟ್ ಸಾಲ ನಿಜವಾಗಿ ಬಾಕಿ ಇದ್ದರೆ ಮಾತ್ರ ಈ ಉಳಿತಾಯ ನಿಮ್ಮದು. ಬೇಗ ಬಂದ ಹಣ ಬಡ್ಡಿಯಿಲ್ಲದ ಚಾಲ್ತಿ ಖಾತೆಯಲ್ಲಿ ಮಲಗಿದರೆ ಕೈಗೆ ಸಿಗುವುದು ಶುಲ್ಕದ ಬಿಲ್ಲು ಮಾತ್ರ. ದೊಡ್ಡ ಖರೀದಿದಾರರು ನೆಫ್ಟ್ ಅಥವಾ ಆರ್‌ಟಿಜಿಎಸ್‌ಗೆ ಒಪ್ಪಿದರೆ ಇಷ್ಟೆಲ್ಲ ಬೇಕೇ ಇಲ್ಲ, ಮೊದಲು ಅದನ್ನು ಕೇಳಿ. ಒಪ್ಪದಿದ್ದರೆ ಒಂದು ತಿಂಗಳು ಪ್ರತಿ ಚೆಕ್ಕಿನ ಕೊರಿಯರ್ ದಿನಾಂಕ ಮತ್ತು ಜಮಾ ದಿನಾಂಕ ಬರೆದಿಟ್ಟು, ನಿಮ್ಮ ನಿಜವಾದ ದಿನಗಳನ್ನೇ ಈ ಲೆಕ್ಕಕ್ಕೆ ಹಾಕಿ.