ಮೆಂಟೇನೆನ್ಸ್ ನೋಟಿಸ್: ಲೆಕ್ಕ ಎಲ್ಲರಿಗೂ ಕಾಣುವಂತೆ ಬರೆಯುವುದು ಹೇಗೆ?

ಏಪ್ರಿಲ್ ಬಂದರೆ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬರುತ್ತದೆ. ‘ಈ ವರ್ಷ ಮೆಂಟೇನೆನ್ಸ್ ಚದರ ಅಡಿಗೆ 2 ರೂಪಾಯಿ’, ಕೆಳಗೆ ಖಜಾಂಚಿಯ ಸಹಿ. ಆ 2 ರೂಪಾಯಿ ಎಲ್ಲಿಂದ ಬಂತು ಅನ್ನುವುದು ಮಾತ್ರ ಇರುವುದಿಲ್ಲ. ಅರ್ಧ ಜಗಳ ಹುಟ್ಟುವುದೇ ಅಲ್ಲಿ. ವಿಜಯಪುರದ ಒಂದು ಸಂಘದ ಖಜಾಂಚಿಯಾಗಿ ನಾನು ನೋಟಿಸ್ ಬರೆಯುವ ರೀತಿ ಇಲ್ಲಿದೆ. ಮೊತ್ತಗಳು ಉದಾಹರಣೆಗೆ ಮಾತ್ರ, ನಿಮ್ಮ ಬಿಲ್ಲು ನೋಡಿ ಬದಲಿಸಿಕೊಳ್ಳಿ.

ಮೊದಲು, ಇಡೀ ವರ್ಷದ ಬಿಲ್ಲು

ಒಂದು ತಿಂಗಳ ಖರ್ಚು ನೋಡಿ ದರ ಕಟ್ಟಬೇಡಿ. ವಾಚ್‌ಮನ್ ಸಂಬಳ ಪ್ರತಿ ತಿಂಗಳೂ ಒಂದೇ, ನಿಜ. ಆದರೆ ಲಿಫ್ಟಿನ ಸರ್ವಿಸ್ ಹಣ ವರ್ಷಕ್ಕೊಮ್ಮೆ ಕಟ್ಟುವುದು. ನಮ್ಮೂರಲ್ಲಿ ನೀರಿನ ಟ್ಯಾಂಕರ್ ಬೇಕಾಗುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಹಾಗಾಗಿ ಹನ್ನೆರಡು ತಿಂಗಳ ಬಿಲ್ಲು ಕೂಡಿಸಿ, ಹನ್ನೆರಡರಿಂದ ಭಾಗಿಸಿ.

ಟ್ಯಾಂಕರನ್ನೇ ನೋಡೋಣ. ಮಾರ್ಚ್‌ನಲ್ಲಿ 10, ಏಪ್ರಿಲ್‌ನಲ್ಲಿ 20, ಮೇ ತಿಂಗಳಲ್ಲಿ 30 ಬಂದವು ಅಂದುಕೊಳ್ಳಿ. ಒಂದಕ್ಕೆ 800 ರೂಪಾಯಿಯಂತೆ ವರ್ಷಕ್ಕೆ 48,000, ತಿಂಗಳಿಗೆ 4,000. ಆದರೆ ಇಲ್ಲೊಂದು ತೊಡಕಿದೆ. ಲೆಕ್ಕದ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ. ಮೇ ಮುಗಿಯುವ ಹೊತ್ತಿಗೆ ಟ್ಯಾಂಕರಿನವರಿಗೆ 40,000 ಕೊಡಬೇಕು, ಆ ಬಾಬ್ತಿಗೆ ನಾವು ಕೂಡಿಸಿದ್ದು ಬರೀ 8,000. ಉಳಿದ 32,000 ಹಿಂದಿನ ವರ್ಷದ ಶಿಲ್ಕಿನಿಂದಲೇ ಬರಬೇಕು. ಮಾರ್ಚ್‌ನಲ್ಲಿ ‘ರೊಕ್ಕ ಉಳಿದೈತಲ್ರೀ, ಗೇಟಿಗೆ ಬಣ್ಣ ಹೊಡಸೂಣು’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಬೇಸಿಗೆ ನೀರಿನ ದುಡ್ಡು. ನೋಟಿಸಿನಲ್ಲೂ ಹಾಗೇ ಬರೆಯಿರಿ.

ಆಮೇಲೆ, ಬಾಬ್ತು ಬಿಡಿಸಿ ಬರೆಯಿರಿ

ನಮ್ಮ ಉದಾಹರಣೆಯಲ್ಲಿ 24 ಮನೆ. ಹನ್ನೆರಡು ಮನೆ 1,000 ಚದರ ಅಡಿಯವು, ಇನ್ನು ಹನ್ನೆರಡು 1,500ರವು. ಒಟ್ಟು 30,000 ಚದರ ಅಡಿ. ತಿಂಗಳ ಸರಾಸರಿ ಖರ್ಚು ಹೀಗಿದೆ:

ವಾಚ್‌ಮನ್‌ಗಳ ಸಂಬಳ: 26,000
ಕಸ, ಸ್ವಚ್ಛತೆ: 9,000
ಹೆಸ್ಕಾಂ ಬಿಲ್ಲು (ಮೋಟರು, ಲಿಫ್ಟ್, ಮೆಟ್ಟಿಲ ದೀಪ): 9,000
ನೀರಿನ ಟ್ಯಾಂಕರ್: 4,000
ಲಿಫ್ಟ್ ಸರ್ವಿಸ್ (ವರ್ಷಕ್ಕೆ 36,000): 3,000
ರಿಪೇರಿ, ಟಾಕಿ ತೊಳೆಸುವುದು: 9,000
ಒಟ್ಟು: 60,000

‘ಇತರೆ’ ಅಂತ ಒಂದು ದೊಡ್ಡ ಸಾಲು ಮಾತ್ರ ಬೇಡ. ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ, ಹೋಗಲೂಬೇಕು.

ಹಂಚುವುದು ಹೇಗೆ?

60,000ವನ್ನು 24 ಮನೆಗೆ ಸಮನಾಗಿ ಹಂಚಿದರೆ ತಲಾ 2,500. ಚದರ ಅಡಿ ಲೆಕ್ಕದಲ್ಲಿ ಅಡಿಗೆ 2 ರೂಪಾಯಿ. ಅಂದರೆ ಸಣ್ಣ ಮನೆಗೆ 2,000, ದೊಡ್ಡದಕ್ಕೆ 3,000. ದೊಡ್ಡ ಮನೆಯವರು ಸಮಪಾಲು ಕೇಳುತ್ತಾರೆ. ವಾಚ್‌ಮನ್ ಎಲ್ಲರ ಮನೆಯನ್ನೂ ಒಂದೇ ಥರ ಕಾಯುತ್ತಾನೆ ಅನ್ನುವುದು ಅವರ ವಾದ. ಅದರಲ್ಲೂ ಅರ್ಥವಿದೆ. ಆದರೆ ಇದು ಖಜಾಂಚಿ ತನ್ನ ಮನಸ್ಸಿಗೆ ಬಂದಂತೆ ತೀರ್ಮಾನಿಸುವ ವಿಷಯವಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, 1972ರ ಪ್ರಕಾರ ಸಾಮಾನ್ಯ ಖರ್ಚು ಹಂಚುವುದು ಪ್ರತಿ ಮನೆಗೆ ಸಾಮಾನ್ಯ ಜಾಗದಲ್ಲಿರುವ ಪಾಲಿನ ಶೇಕಡಾವಾರು ಲೆಕ್ಕದಲ್ಲಿ. ಆ ಪಾಲು ಕಟ್ಟಡದ ಘೋಷಣಾ ಪತ್ರದಲ್ಲಿ ಇರುತ್ತದೆ. ನಮ್ಮಲ್ಲಿ ಅದು ಚದರ ಅಡಿಗೆ ಸರಿಹೊಂದುತ್ತದೆ, ಅದಕ್ಕೇ ಅಡಿ ಲೆಕ್ಕ. ನಿಮ್ಮ ಸಂಘ ಬೇರೆ ಕಾಯ್ದೆಯಲ್ಲಿ ನೋಂದಣಿಯಾಗಿದ್ದರೆ ಮೊದಲು ಬೈಲಾ ತೆಗೆದು ನೋಡಿ. ಯಾವ ನಿಯಮ ಹಿಡಿದಿದ್ದೀರಿ ಅನ್ನುವುದನ್ನು ನೋಟಿಸಿನಲ್ಲಿ ಒಂದು ಸಾಲು ಬರೆಯಲೇಬೇಕು.

ನೆಲಮಹಡಿಯವರ ಪ್ರಶ್ನೆಯೂ ತಪ್ಪದೆ ಬರುತ್ತದೆ. ‘ನಾವು ಕೆಳಗ ಇರೋರು, ಲಿಫ್ಟ್ ಹತ್ತೂದ ಇಲ್ಲ. ನಮಗ್ಯಾಕ್ರೀ ಅದರ ರೊಕ್ಕ?’ ಬಳಸುವುದಿಲ್ಲ ಅನ್ನುವ ಕಾರಣಕ್ಕೆ ಸಾಮಾನ್ಯ ಸೌಲಭ್ಯದ ಖರ್ಚಿನಿಂದ ಯಾರೂ ಹೊರಗುಳಿಯುವಂತಿಲ್ಲ. ಲಿಫ್ಟಿನಲ್ಲಿ ಅವರಿಗೂ ಪಾಲಿದೆ. ಬೀಗ ಹಾಕಿದ ಮನೆಗೂ ಇದೇ ಉತ್ತರ. ಇದನ್ನು ಮುಖ ಗಂಟಿಕ್ಕಿಕೊಂಡು ಹೇಳಬೇಡಿ. ಲಿಫ್ಟ್ ಸರ್ವಿಸ್‌ನಲ್ಲಿ ಸಣ್ಣ ಮನೆಯ ಪಾಲು ತಿಂಗಳಿಗೆ 100 ರೂಪಾಯಿ ಅಂತ ಲೆಕ್ಕ ಬಿಡಿಸಿ ತೋರಿಸಿ. ಮಾತು ಅಲ್ಲಿಗೇ ತಣ್ಣಗಾಗುತ್ತದೆ.

ಬಾಕಿ ಮತ್ತು ದೊಡ್ಡ ರಿಪೇರಿ

ಮೂರು ಮನೆಯವರು ಹಣ ಕಟ್ಟಿಲ್ಲ ಅಂತ ಉಳಿದವರ ದರ ಏರಿಸಬೇಡಿ. ಬಾಕಿಯನ್ನು ಬೇರೆಯಾಗಿ ತೋರಿಸಿ, ಬೇರೆಯಾಗಿಯೇ ವಸೂಲಿ ಮಾಡಿ. ಹೊರಗೋಡೆ ಬಣ್ಣ, ಲಿಫ್ಟಿನ ಹೊಸ ಹಗ್ಗದಂಥ ದೊಡ್ಡ ಕೆಲಸಕ್ಕೆ ಅಡಿಗೆ 50 ಪೈಸೆ ಕೂಡಿಸುವುದಾದರೆ ಅದೂ ಬೇರೆ ಸಾಲು, ಬೇರೆ ಬ್ಯಾಂಕ್ ಖಾತೆ. ಸಣ್ಣ ಮನೆಗೆ 500, ದೊಡ್ಡದಕ್ಕೆ 750 ಜಾಸ್ತಿಯಾಗುತ್ತದೆ.

ಬೋರ್ಡಿಗೆ ಹಚ್ಚುವ ಮುಂಚೆ

24 ಮನೆಗಳ ಮೊತ್ತವನ್ನೂ ಸಾಲಾಗಿ ಬರೆದು ಕೂಡಿಸಿ. ದೊಡ್ಡ ರಿಪೇರಿ ಹಣ ಬಿಟ್ಟು ಸರಿಯಾಗಿ 60,000 ಬರಬೇಕು. ಬರದಿದ್ದರೆ ಒಂದೋ ಯಾವುದೋ ಮನೆ ಬಿಟ್ಟುಹೋಗಿದೆ, ಇಲ್ಲವೇ ಕೆಲವು ಮನೆಗೆ ಘೋಷಣಾ ಪತ್ರದಲ್ಲಿರುವ ಅಳತೆ, ಕೆಲವಕ್ಕೆ ಬಿಲ್ಡರ್ ಹೇಳಿದ ಅಳತೆ ಬಿದ್ದಿದೆ. ಎಲ್ಲರಿಗೂ ಪತ್ರದ ಅಳತೆಯನ್ನೇ ಹಿಡಿಯಿರಿ. ಆ ಪಟ್ಟಿಯನ್ನು ನೋಟಿಸಿನ ಜೊತೆಗೇ ಹಚ್ಚಿ. ಬಿಲ್ಲುಗಳ ಫೈಲು ಯಾರ ಹತ್ತಿರ ಇದೆ, ಯಾವ ದಿನ ಬಂದು ನೋಡಬಹುದು ಅನ್ನುವುದನ್ನೂ ಕೆಳಗೆ ಬರೆಯಿರಿ.