ಎತ್ತರ ಉಳಿದ ಬದಿಯ ಮಣ್ಣು ತೆಗೆದರೆ ವಾಲಿದ ಕಟ್ಟಡ ಏಳುವುದು ಹೇಗೆ?

ವಾಲಿದ ಕಟ್ಟಡವನ್ನು ನೆಟ್ಟಗೆ ಮಾಡಬೇಕಾದರೆ ಕುಸಿದ ಬದಿಯನ್ನು ಮೇಲಕ್ಕೆತ್ತಬೇಕೆಂದೇ ಯಾರಿಗಾದರೂ ಮೊದಲು ತೋಚುತ್ತದೆ. ಜಾಕ್ ಇಟ್ಟು ಎತ್ತುವ ವಿಧಾನ ಹುಟ್ಟಿದ್ದು ಈ ಯೋಚನೆಯಿಂದಲೇ. ಆದರೆ ಹದಿನಾಲ್ಕು ಸಾವಿರ ಟನ್ನಿಗೂ ಮಿಕ್ಕಿ ತೂಗುವ ಇಟಲಿಯ ಪೀಸಾ ಗೋಪುರವನ್ನು ಉಳಿಸಿದ್ದು ಇದಕ್ಕೆ ತದ್ವಿರುದ್ಧವಾದ ಉಪಾಯ. ಹೆಚ್ಚು ಕುಸಿಯದೆ ಎತ್ತರದಲ್ಲೇ ಉಳಿದಿದ್ದ ಬದಿಯ ಅಡಿಯಿಂದ ಮಣ್ಣನ್ನು ತುಸುತುಸುವಾಗಿ ತೆಗೆದು, ಆ ಬದಿಯೂ ಇಳಿಯುವಂತೆ ಮಾಡಲಾಯಿತು. ಯಾವ ಕಟ್ಟಡಕ್ಕೆ ಯಾವ ವಿಧಾನ ಸಲ್ಲುತ್ತದೆ ಎಂಬುದು ತಿಳಿಯಬೇಕಾದರೆ ಕಟ್ಟಡ ವಾಲುವುದು ಏಕೆ ಎಂಬಲ್ಲಿಂದಲೇ ಆರಂಭಿಸಬೇಕು.

ವಾಲುವಿಕೆಯ ಮೂಲ

ಮೆದುವಾದ ಜೇಡಿಮಣ್ಣಿನ ಕಣಗಳ ನಡುವೆ ನೀರು ತುಂಬಿರುತ್ತದೆ. ಮೇಲೆ ಭಾರ ಬಿದ್ದಾಗ ಆ ನೀರು ಬಹಳ ನಿಧಾನವಾಗಿ, ಕೆಲವೊಮ್ಮೆ ದಶಕಗಳ ಕಾಲ, ಹೊರಗೆ ಒಸರುತ್ತಾ ಹೋಗುತ್ತದೆ; ಒಸರಿದಷ್ಟೂ ಮಣ್ಣು ಅಡಕಗೊಂಡು ಕಟ್ಟಡ ಇಳಿಯುತ್ತದೆ. ಇಡೀ ಅಡಿಪಾಯ ಸಮನಾಗಿ ಇಳಿದರೆ ಕಟ್ಟಡ ನೆಟ್ಟಗೇ ಇರುತ್ತದೆ. ಒಂದು ಬದಿಯಲ್ಲಿ ಮೆದು ಪದರ ಸ್ವಲ್ಪ ದಪ್ಪವಾಗಿದ್ದರೂ ಸಾಕು, ಆ ಬದಿ ಹೆಚ್ಚು ಇಳಿಯುತ್ತದೆ, ಕಟ್ಟಡ ಅತ್ತ ವಾಲುತ್ತದೆ.

ಗಿಡ್ಡ ಕಟ್ಟಡದಲ್ಲಿ ಈ ತೊಂದರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ, ಎತ್ತರದ ಕಟ್ಟಡದಲ್ಲಿ ಹಾಗಲ್ಲ. ವಾಲಿದ ಕೂಡಲೇ ಅದರ ಭಾರದ ಕೇಂದ್ರ ಕುಸಿದ ಬದಿಗೆ ಸರಿಯುತ್ತದೆ; ಸರಿದ ಭಾರದಿಂದ ಆ ಅಂಚಿನ ಕೆಳಗಿನ ಮಣ್ಣಿಗೆ ಒತ್ತಡ ಹೆಚ್ಚುತ್ತದೆ; ಒತ್ತಡ ಹೆಚ್ಚಿದ್ದರಿಂದ ಆ ಅಂಚು ಇನ್ನಷ್ಟು ಇಳಿಯುತ್ತದೆ. ಮೆತ್ತನೆಯ ಹಾಸಿಗೆಯ ಮೇಲೆ ನಿಲ್ಲಿಸಿದ ಉದ್ದನೆಯ ಬಾಟಲಿಯನ್ನು ನೆನಪಿಸಿಕೊಳ್ಳಿ. ಹಾಸಿಗೆ ಹರಿದುಹೋಗದಿದ್ದರೂ ಬಾಟಲಿ ಉರುಳುತ್ತದೆ, ಏಕೆಂದರೆ ವಾಲುವುದನ್ನು ತಡೆದು ಹಿಂದಕ್ಕೆ ತಳ್ಳುವಷ್ಟು ಬಿಗುವು ಹಾಸಿಗೆಗೆ ಇರುವುದಿಲ್ಲ. ಮಣ್ಣು ಒಡೆದುಹೋಗುವುದು ಬೇರೆ, ಬಿಗುವು ಸಾಲದಿರುವುದು ಬೇರೆ. ಪೀಸಾ ಗೋಪುರದ ರೋಗ ಎರಡನೆಯದು.

ಆ ಗೋಪುರದ ಅಡಿಪಾಯದ ವ್ಯಾಸ 19.6 ಮೀಟರ್ ಮಾತ್ರ. ಅದರ ಕೆಳಗಿನ ಸುಮಾರು 10 ಮೀಟರ್ ಹೂಳು, ಮರಳು, ಜೇಡಿ ಬೆರೆತ ಪದರ. ದಕ್ಷಿಣದ ಬದಿಯಲ್ಲಿ ಅದು ಹೆಚ್ಚು ಮೆದು. ಅಲ್ಲಿಂದ 40 ಮೀಟರ್ ಆಳದವರೆಗೆ ಬಹುಮಟ್ಟಿಗೆ ಸಮುದ್ರತಳದ ಜೇಡಿ. 1173ರಲ್ಲಿ ಆರಂಭವಾದ ಕಟ್ಟಡ ಕೆಲಸ ನಾಲ್ಕನೆಯ ಅಂತಸ್ತಿನ ಹೊತ್ತಿಗೆ ನಿಂತು, ಸುಮಾರು ನೂರು ವರ್ಷಗಳ ನಂತರ ಮುಂದುವರಿಯಿತು. ಈ ಬಿಡುವೇ ಗೋಪುರವನ್ನು ಉಳಿಸಿತೆಂದು ಹೇಳಬೇಕು. ಅಷ್ಟು ಕಾಲದಲ್ಲಿ ಜೇಡಿ ಅಡಕಗೊಂಡು ಬಲಗೊಳ್ಳದೇ ಇದ್ದಿದ್ದರೆ ಮುಂದಿನ ಅಂತಸ್ತುಗಳ ಭಾರಕ್ಕೆ ನೆಲವೇ ಸೋತುಹೋಗುತ್ತಿತ್ತು. 1990ರ ವೇಳೆಗೆ ಗೋಪುರ ಸುಮಾರು ಐದೂವರೆ ಡಿಗ್ರಿ ವಾಲಿತ್ತು. ಏಳನೆಯ ಅಂತಸ್ತಿನ ತುದಿ ಬುಡಕ್ಕಿಂತ ಸುಮಾರು ನಾಲ್ಕೂವರೆ ಮೀಟರ್ ಹೊರಗೆ ಚಾಚಿತ್ತು, ಮತ್ತು ತುದಿ ಪ್ರತಿ ವರ್ಷ ಒಂದೂವರೆ ಮಿಲಿಮೀಟರಿನಷ್ಟು ದಕ್ಷಿಣಕ್ಕೆ ಸರಿಯುತ್ತಲೇ ಇತ್ತು.

ಮೊದಲ ಹಂತ: ಅಳೆಯುವುದು

ಚಿಕಿತ್ಸೆಗೆ ಮುನ್ನ ತಿಳಿಯಬೇಕಾದದ್ದು ಎಷ್ಟು ವಾಲಿದೆ ಎಂಬುದಕ್ಕಿಂತಲೂ ಹೇಗೆ ಚಲಿಸುತ್ತಿದೆ ಎಂಬುದು. ಅಡಿಪಾಯದ ಸುತ್ತಲೂ ಮಟ್ಟದ ಗುರುತುಗಳನ್ನು ಇಟ್ಟು, ದೂರದ ಸ್ಥಿರ ಬಿಂದುವಿಗೆ ಹೋಲಿಸಿ, ತಿಂಗಳುಗಟ್ಟಲೆ ಅಳೆಯಬೇಕಾಗುತ್ತದೆ. ಪೀಸಾದಲ್ಲಿ ಇಂತಹ ಹಳೆಯ ಅಳತೆಗಳನ್ನು ಪರಿಶೀಲಿಸಿದಾಗ ಒಂದು ಅಚ್ಚರಿ ಹೊರಬಿತ್ತು: ದಕ್ಷಿಣದ ಅಂಚು ಇಳಿಯುತ್ತಿದ್ದಂತೆ ಉತ್ತರದ ಅಂಚು ಮೇಲೇಳುತ್ತಿತ್ತು. ಅಂದರೆ ತೊಂದರೆ ಇದ್ದದ್ದು ಆಳದ ಜೇಡಿಯಲ್ಲಿ ಅಲ್ಲ, ಮೇಲಿನ 10 ಮೀಟರ್ ಪದರದಲ್ಲಿ. ಮಳೆಗಾಲದಲ್ಲಿ ಉತ್ತರದ ಬದಿಯ ಅಂತರ್ಜಲ ಏರಿ ಆ ಅಂಚನ್ನು ಮೇಲಕ್ಕೆ ನೂಕುತ್ತಿದ್ದುದೂ ಗೊತ್ತಾಯಿತು. ಉತ್ತರದ ಅಂಚು ಏಳುತ್ತಿದೆಯಾದರೆ ಅಲ್ಲಿ ಭಾರ ಹೇರುವುದು ಅಪಾಯವಲ್ಲ, ಉಪಕಾರ ಎಂಬ ತೀರ್ಮಾನ ಇದರಿಂದಲೇ ಹೊರಟಿತು.

ಎರಡನೆಯ ಹಂತ: ತಾತ್ಕಾಲಿಕ ಆಸರೆ

ಮಣ್ಣಿಗೆ ಕೈಹಾಕುವ ಮುನ್ನ ಕಟ್ಟಡಕ್ಕೆ ಆಸರೆ ಬೇಕು, ಮತ್ತು ಆ ಆಸರೆಯನ್ನು ಬೇಕೆಂದಾಗ ತೆಗೆಯಲು ಬರುವಂತಿರಬೇಕು. 1993ರಲ್ಲಿ ಗೋಪುರದ ಬುಡಕ್ಕೆ ಕಾಂಕ್ರೀಟಿನ ಬಳೆ ತೊಡಿಸಿ, ಅದರ ಉತ್ತರ ಭಾಗದ ಮೇಲೆ 600 ಟನ್ ಸೀಸದ ಗಟ್ಟಿಗಳನ್ನು ಪೇರಿಸಲಾಯಿತು. ಗೋಪುರ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಮಾತ್ರ ಹಿಂದಕ್ಕೆ ಬಂದಿತಾದರೂ, ವಾಲುವುದು ನಿಂತಿತು.

ಮುಂದಿನದು ಎಚ್ಚರಿಕೆಯ ಪಾಠ. ಸೀಸದ ರಾಶಿ ನೋಡಲು ಚೆನ್ನಾಗಿಲ್ಲವೆಂದು, ಅದರ ಬದಲಿಗೆ ನೆಲದಾಳಕ್ಕೆ ಬಿಗಿದ ಉಕ್ಕಿನ ಕೇಬಲ್‌ಗಳನ್ನು ಹಾಕಲು 1995ರಲ್ಲಿ ಪ್ರಯತ್ನ ನಡೆಯಿತು. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಅಗೆಯಬೇಕಾಗಿದ್ದರಿಂದ ದ್ರವ ಸಾರಜನಕ ಹಾಯಿಸಿ ಮಣ್ಣನ್ನು ಹೆಪ್ಪುಗಟ್ಟಿಸಲಾಯಿತು. ದಕ್ಷಿಣದ ಬದಿಯಲ್ಲಿ ಈ ಕೆಲಸ ತೊಡಗುತ್ತಿದ್ದಂತೆ ಗೋಪುರ ದಕ್ಷಿಣಕ್ಕೆ ಚಲಿಸತೊಡಗಿತು. ಕೆಲಸ ನಿಲ್ಲಿಸಿ, ಸೀಸವನ್ನು 900 ಟನ್ನಿಗೆ ಏರಿಸಿದ ಮೇಲೆಯೇ ಅದು ಸ್ತಿಮಿತಕ್ಕೆ ಬಂದದ್ದು. 1838ರಲ್ಲಿ ಬುಡದ ಸುತ್ತ ಕಾಲುದಾರಿ ಅಗೆದಾಗಲೂ, 1934ರಲ್ಲಿ ಅಡಿಪಾಯಕ್ಕೆ ನೂರಾರು ರಂಧ್ರ ಕೊರೆದು ಸಿಮೆಂಟು ತುಂಬಿದಾಗಲೂ ಹೀಗೆಯೇ ಆಗಿತ್ತು. ವಾಲಿದ ಕಟ್ಟಡದ ಕುಸಿದ ಬದಿಯನ್ನು ಕೆಣಕಬಾರದೆಂದು ಇಷ್ಟು ಸ್ಪಷ್ಟವಾಗಿ ನೆಲವೇ ಮೂರು ಬಾರಿ ಹೇಳಿದ ನಿದರ್ಶನ ವಿರಳ.

ಮೂರನೆಯ ಹಂತ: ಎಷ್ಟು ತೆಗೆಯಬೇಕು, ಎಲ್ಲಿಂದ

ಲೆಕ್ಕ ಸರಳವಾಗಿದೆ. ಗೋಪುರವನ್ನು ಅರ್ಧ ಡಿಗ್ರಿ ಹಿಂದಕ್ಕೆ ತಿರುಗಿಸಬೇಕೆಂದರೆ, 19.6 ಮೀಟರ್ ಅಗಲದ ಅಡಿಪಾಯದ ಉತ್ತರದ ಅಂಚು ದಕ್ಷಿಣದ ಅಂಚಿಗಿಂತ ಸುಮಾರು 17 ಸೆಂಟಿಮೀಟರ್ ಹೆಚ್ಚು ಇಳಿಯಬೇಕು. ದಕ್ಷಿಣದ ಅಂಚು ಕದಲುವುದಿಲ್ಲವೆಂದು ಇಟ್ಟುಕೊಂಡರೆ, ಅಡಿಪಾಯದ ಕೆಳಗೆ ಇಲ್ಲವಾಗಬೇಕಾದ ಬೆಣೆಯಾಕಾರದ ಜಾಗ ಸುಮಾರು 26 ಘನ ಮೀಟರ್. ನಿಜವಾಗಿ ತೆಗೆದ ಮಣ್ಣು ಸುಮಾರು 38 ಘನ ಮೀಟರ್. ಅಡಿಪಾಯದ ಹೊರಗಿನ ನೆಲವೂ ಅಲ್ಪಸ್ವಲ್ಪ ಇಳಿಯುತ್ತದೆಯಾದ್ದರಿಂದ ಲೆಕ್ಕಕ್ಕಿಂತ ಹೆಚ್ಚು ತೆಗೆಯಬೇಕಾಗುವುದು ಸಹಜ.

ಎಲ್ಲಿಂದ ತೆಗೆಯಬೇಕೆಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಉತ್ತರದ ಅಂಚಿನಿಂದ ಒಳಕ್ಕೆ ತ್ರಿಜ್ಯದ ಅರ್ಧದಷ್ಟು, ಅಂದರೆ ಸುಮಾರು 5 ಮೀಟರ್ ದೂರದಲ್ಲಿ, ಒಂದು ಲಕ್ಷ್ಮಣರೇಖೆ ಇದೆಯೆಂದು ಮಾದರಿ ಪ್ರಯೋಗಗಳೂ ಗಣಿತವೂ ತೋರಿಸಿದವು. ಅದರ ಉತ್ತರಕ್ಕೇ ಮಣ್ಣು ತೆಗೆದರೆ ಗೋಪುರ ಏಳುತ್ತದೆ. ಅದನ್ನು ದಾಟಿ ಒಳಗೆ ತೆಗೆದರೆ ಇನ್ನಷ್ಟು ವಾಲುತ್ತದೆ. ಗೋಪುರದ ಸಮೀಪವೇ 7 ಮೀಟರ್ ವ್ಯಾಸದ ಕಾಂಕ್ರೀಟ್ ಅಡಿಪಾಯವೊಂದನ್ನು ಕಟ್ಟಿ, ಒಂದು ಬದಿಗೆ ಭಾರ ಹೇರಿ ವಾಲಿಸಿ, ಮಣ್ಣು ತೆಗೆದು ಅದನ್ನು ಹಿಂದಕ್ಕೆ ತರುವ ಅಭ್ಯಾಸವನ್ನೂ ನಡೆಸಲಾಯಿತು.

ನಾಲ್ಕನೆಯ ಹಂತ: ಮಣ್ಣು ತೆಗೆಯುವುದು

ಉತ್ತರದ ಬದಿಯಿಂದ ಅಡಿಪಾಯದ ಕೆಳಕ್ಕೆ ಓರೆಯಾಗಿ ಉಕ್ಕಿನ ಕೊಳವೆಗಳನ್ನು ಇಳಿಸಲಾಗುತ್ತದೆ. ಕೊಳವೆಯೊಳಗೆ ತಿರುಪಿನಂತಹ ಬೈರಿಗೆ ಇರುತ್ತದೆ. ಕೊಳವೆ ಒಂದು ದಿಕ್ಕಿಗೆ, ಬೈರಿಗೆ ಮತ್ತೊಂದು ದಿಕ್ಕಿಗೆ ತಿರುಗುವುದರಿಂದ ಸುತ್ತಲಿನ ಮಣ್ಣು ಕಲಕುವುದಿಲ್ಲ. ತುದಿ ಗುರಿ ತಲುಪಿದ ಮೇಲೆ ಸ್ವಲ್ಪ ಮಣ್ಣನ್ನು ಎಳೆದುಕೊಂಡು ಹಿಂದೆ ಸರಿದಾಗ ಅಲ್ಲಿ ಒಂದು ಪೊಳ್ಳು ಉಳಿಯುತ್ತದೆ. ಮೇಲಿನ ಭಾರಕ್ಕೆ ಮೆದು ಮಣ್ಣು ಮೆಲ್ಲನೆ ಒಳಸರಿದು ಆ ಪೊಳ್ಳು ಮುಚ್ಚಿಕೊಳ್ಳುತ್ತದೆ, ಅಷ್ಟರಮಟ್ಟಿಗೆ ಅಡಿಪಾಯ ಇಳಿಯುತ್ತದೆ. ಪೊಳ್ಳು ಮುಚ್ಚಿಕೊಂಡಿತೇ ಎಂಬುದನ್ನು ಅದೇ ಜಾಗಕ್ಕೆ ಮತ್ತೆ ಬೈರಿಗೆ ಹಾಯಿಸಿ ತಿಳಿಯಬಹುದು. ಮುಚ್ಚದೆ ಉಳಿದು, ಒಮ್ಮೆಲೇ ಕುಸಿಯುವಂತಹ ಗಡಸು ಮಣ್ಣಿನಲ್ಲಿ ಈ ವಿಧಾನ ಸಲ್ಲದು.

1999ರಲ್ಲಿ 12 ರಂಧ್ರಗಳಿಂದ ಪರೀಕ್ಷೆ ನಡೆಸಿ, ಗೋಪುರ ಹೇಳಿದಂತೆ ಕೇಳುತ್ತದೆ ಎಂದು ಖಾತ್ರಿಯಾದ ಮೇಲೆ, 2000ದ ಫೆಬ್ರವರಿಯಿಂದ 41 ರಂಧ್ರಗಳಲ್ಲಿ ಕೆಲಸ ಆರಂಭವಾಯಿತು. ರಂಧ್ರಗಳ ನಡುವೆ ಅರ್ಧ ಮೀಟರ್ ಅಂತರವಿತ್ತು. ಸುಮಾರು ಒಂದು ವರ್ಷ ನಡೆದ ಈ ಕೆಲಸದಲ್ಲಿ ದಿನಕ್ಕೆ ಸರಾಸರಿ ತೆಗೆದದ್ದು ನೂರು ಲೀಟರಿನ ಆಸುಪಾಸಿನಷ್ಟು ಮಣ್ಣು, ಹತ್ತು ಬಕೆಟ್ ಎನ್ನಬಹುದು. ತೆಗೆದ ಪ್ರತಿ ಸಲವೂ ಗೋಪುರ ಉತ್ತರ-ದಕ್ಷಿಣವಾಗಿ ಎಷ್ಟು, ಪೂರ್ವ-ಪಶ್ಚಿಮವಾಗಿ ಎಷ್ಟು ತಿರುಗಿತೆಂದು ಅಳೆದು, ಮುಂದಿನ ಬಾರಿ ಯಾವ ರಂಧ್ರದಿಂದ ಎಷ್ಟು ತೆಗೆಯಬೇಕೆಂದು ನಿರ್ಧರಿಸಲಾಗುತ್ತಿತ್ತು. ಗೋಪುರ ಪಕ್ಕಕ್ಕೆ ಹೊರಳಿದಂತೆ ಕಂಡರೆ ಆ ಪಕ್ಕದ ರಂಧ್ರಗಳನ್ನು ಬಿಟ್ಟು ಎದುರು ಪಕ್ಕದವನ್ನು ಬಳಸಿ ಸರಿಪಡಿಸಬಹುದು. ಇಷ್ಟೊಂದು ರಂಧ್ರಗಳು ಬೇಕಾದದ್ದು ಇದಕ್ಕಾಗಿಯೇ. ಮಧ್ಯೆ ಏನಾದರೂ ಕೆಟ್ಟರೆ ಇರಲೆಂದು ಗೋಪುರದ ನಡುವಿಗೆ ಕೇಬಲ್ ಸುತ್ತಿ ದೂರದ ಉಕ್ಕಿನ ಚೌಕಟ್ಟುಗಳಿಗೆ ಕಟ್ಟಲಾಗಿತ್ತು. ಅವುಗಳನ್ನು ಬಿಗಿಯಬೇಕಾದ ಸಂದರ್ಭ ಬರಲಿಲ್ಲ.

ಅರ್ಧ ಡಿಗ್ರಿ ತಿರುಗಿ, ತುದಿ ಸುಮಾರು 45 ಸೆಂಟಿಮೀಟರ್ ಹಿಂದೆ ಬಂದಾಗ ಕೆಲಸ ನಿಲ್ಲಿಸಿದರು. ಸೀಸವನ್ನು ಕಂತುಗಳಲ್ಲಿ ಇಳಿಸಲಾಯಿತು, ಮತ್ತು ಉತ್ತರದ ಬದಿಯ ಅಂತರ್ಜಲ ಮಳೆಗೆ ಏರದಂತೆ ಬಸಿಗಾಲುವೆ ವ್ಯವಸ್ಥೆ ಮಾಡಲಾಯಿತು. ಮಣ್ಣು ತೆಗೆದದ್ದು ವಾಲುವಿಕೆಯನ್ನು ತಗ್ಗಿಸಿತಷ್ಟೆ. ಪ್ರತಿ ಮಳೆಗೂ ಅದು ಮರಳದಂತೆ ನೋಡಿಕೊಳ್ಳುವುದು ಈ ಬಸಿಗಾಲುವೆಗಳ ಪಾಲಿನ ಕೆಲಸ.

ಜಾಕ್ ಇಟ್ಟು ಎತ್ತುವುದು ಯಾವಾಗ

ಪೀಸಾದಲ್ಲಿ ಜಾಕ್ ಏಕೆ ಸಲ್ಲಲಿಲ್ಲವೆಂಬುದಕ್ಕೆ ಉತ್ತರ ಮೇಲೆಯೇ ಇದೆ: ಜಾಕ್ ಇಡಲು ಕುಸಿದ ಬದಿಯ ಕೆಳಗೇ ಅಗೆಯಬೇಕು. ಜೊತೆಗೆ, ಒಳಗೆ ಕಲ್ಲುಚೂರು ತುಂಬಿದ ಹಳೆಯ ಗೋಡೆ ಕೆಲವೇ ಬಿಂದುಗಳಲ್ಲಿ ಬೀಳುವ ಜಾಕಿನ ಒತ್ತಡವನ್ನು ತಾಳುವುದಿಲ್ಲ. ಕಾಂಕ್ರೀಟಿನ ಗಟ್ಟಿಯಾದ ಹಾಸು ಅಡಿಪಾಯವಿರುವ ಕಟ್ಟಡ ಒಂದೇ ತುಂಡಾಗಿ ತಿರುಗಬಲ್ಲದು. ಕೆಳಗೆ ತಲುಪಬಹುದಾದ ಆಳದಲ್ಲಿ ಬಂಡೆಯೋ ಗಟ್ಟಿ ಪದರವೋ ಇದ್ದರೆ ಅಂತಹದಕ್ಕೆ ಜಾಕ್ ತಕ್ಕ ವಿಧಾನ.

ಮೊದಲು ಅಡಿಪಾಯದ ಕೆಳಗೆ ಒಂದೊಂದೇ ಗುಂಡಿಯನ್ನು ಅಗೆದು, ಗಟ್ಟಿ ಪದರದವರೆಗೆ ಕಂಬ ಕಟ್ಟಿ, ಅದರ ತಲೆಯ ಮೇಲೆ ಜಾಕ್ ಕೂರಿಸಬೇಕು. ಅಕ್ಕಪಕ್ಕದ ಗುಂಡಿಗಳನ್ನು ಒಟ್ಟಿಗೆ ತೆರೆಯುವಂತಿಲ್ಲ. ಎತ್ತುವಾಗ ಎಲ್ಲ ಜಾಕ್‌ಗಳೂ ಸಮನಾಗಿ ಏರಬಾರದು. 20 ಮೀಟರ್ ಅಗಲದ ಕಟ್ಟಡದ ಕುಸಿದ ಅಂಚು 20 ಸೆಂಟಿಮೀಟರ್ ಏರಬೇಕಿದ್ದರೆ, ನಡುವಿನ ಸಾಲು 10 ಸೆಂಟಿಮೀಟರ್ ಮಾತ್ರ ಏರಬೇಕು, ಎತ್ತರದ ಅಂಚು ಇದ್ದಲ್ಲೇ ಇರಬೇಕು. ಈ ಅನುಪಾತ ಪ್ರತಿ ಮಿಲಿಮೀಟರಿಗೂ ತಪ್ಪದಂತೆ ಸಾಲುಗಳನ್ನು ಎತ್ತಿ, ಎತ್ತಿದಷ್ಟಕ್ಕೆ ಉಕ್ಕಿನ ತಟ್ಟೆಗಳನ್ನು ತುರುಕುತ್ತಾ ಹೋಗಬೇಕು. ಜಾಕ್ ಸೋರಿದರೂ ಕಟ್ಟಡ ತಟ್ಟೆಯ ಮೇಲೆ ನಿಲ್ಲುತ್ತದೆ. ಅನುಪಾತ ತಪ್ಪಿದ್ದು ಕಿಟಕಿಯ ಮೂಲೆಗಳಿಂದ ಓರೆಯಾಗಿ ಹೊರಡುವ ಬಿರುಕುಗಳಲ್ಲಿ ಮೊದಲು ಕಾಣುತ್ತದೆ. ಕೊನೆಗೆ ಖಾಲಿ ಜಾಗಕ್ಕೆ ಕುಗ್ಗದ ಸಿಮೆಂಟು ಗಾರೆಯನ್ನು ತುಂಬಿ ಜಾಕ್‌ಗಳನ್ನು ತೆಗೆಯುತ್ತಾರೆ.

1913ರ ಅಕ್ಟೋಬರಿನಲ್ಲಿ ಕೆನಡಾದ ವಿನ್ನಿಪೆಗ್ ಬಳಿಯ ಟ್ರಾನ್ಸ್‌ಕೋನಾದಲ್ಲಿ ಹೊಸದಾಗಿ ಕಟ್ಟಿದ್ದ ಕಾಂಕ್ರೀಟಿನ ಧಾನ್ಯದ ಕಣಜ ಮೊದಲ ಬಾರಿಗೆ ತುಂಬುತ್ತಿದ್ದಾಗ, ಕೆಳಗಿನ ಜೇಡಿ ಸೋತು, ಸುಮಾರು 27 ಡಿಗ್ರಿ ಮಲಗಿಬಿಟ್ಟಿತು. ಇಲ್ಲಿ ಮಣ್ಣು ನಿಜಕ್ಕೂ ಒಡೆದುಹೋಗಿತ್ತು. ಆದರೆ ಧಾನ್ಯ ತುಂಬುವ 65 ಕೊಠಡಿಗಳ ಆ ರಚನೆ ಒಂದೇ ತುಂಡಾಗಿ ಉಳಿದಿತ್ತು. ಧಾನ್ಯವನ್ನು ಖಾಲಿ ಮಾಡಿ, ಕೆಳಗಿನ ಸುಣ್ಣಕಲ್ಲಿನ ಬಂಡೆಯವರೆಗೆ ಕಂಬಗಳನ್ನು ಇಳಿಸಿ, ಕುಸಿದ ಬದಿಯನ್ನು ಜಾಕ್‌ಗಳಿಂದ ಎತ್ತುತ್ತಲೇ ಎತ್ತರದ ಬದಿಯ ಅಡಿಯ ಮಣ್ಣನ್ನು ತೆಗೆದು ಅದನ್ನು ಇಳಿಸಿದರು. ನೆಟ್ಟಗಾದ ಕಣಜ ಮೊದಲಿಗಿಂತ ಕೆಳಗಿನ ಮಟ್ಟದಲ್ಲಿ, ಬಂಡೆಯ ಮೇಲೆ ಊರಿ ನಿಂತು, ಮತ್ತೆ ಧಾನ್ಯ ತುಂಬಿಕೊಂಡಿತು.